ಕಟ್ ಮಾಡಿದ ಕಡೆಯೆಲ್ಲ ಸದ್ದು ಬಾವಿಗೆ ಬಿದ್ದಂತಾಗುತ್ತದೆ, ರೂಮ್ ಟೋನ್ ರೆಕಾರ್ಡ್ ಮಾಡಿಕೊಂಡಿಲ್ಲ

ಕತ್ತರಿಕೈ

ಎಲ್ಲರಿಗೂ ನಮಸ್ಕಾರ. ಒಬ್ಬ ಹಿರಿಯ ನೇಕಾರರ ಸಂದರ್ಶನ ಎಡಿಟ್ ಮಾಡುತ್ತಿದ್ದೇನೆ. 40 ನಿಮಿಷದ ಮಾತನ್ನು 12 ನಿಮಿಷಕ್ಕೆ ಇಳಿಸಬೇಕು. ಎರಡು ದಿನ ರೆಕಾರ್ಡ್ ಮಾಡಿದ್ದು. ಅದೇ ಕೋಣೆ, ಅದೇ ಕಾಲರ್ ಮೈಕು. ಆದರೆ ಮೊದಲ ದಿನ ಫ್ಯಾನ್ ಓಡುತ್ತಿತ್ತು, ಎರಡನೇ ದಿನ ಆರಿಸಿದ್ದೆವು. ಖಾಲಿ ಕೋಣೆಯ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಳ್ಳಲಿಲ್ಲ.

ಮಾತುಗಳನ್ನು ಕತ್ತರಿಸಿ ಜೋಡಿಸಿದ ಮೇಲೆ ನಡುವೆ ಅರ್ಧ ಸೆಕೆಂಡು, ಒಂದು ಸೆಕೆಂಡು ಜಾಗ ಬಿಟ್ಟಿದ್ದೇನೆ. ಇಲ್ಲದಿದ್ದರೆ ಅವರು ಉಸಿರೇ ಬಿಡದೆ ಮಾತಾಡಿದ ಹಾಗೆ ಕೇಳುತ್ತದೆ. ಆ ಜಾಗದಲ್ಲಿ ಮಾತಿನ ಜೊತೆ ಫ್ಯಾನಿನ ಸದ್ದೂ ಪೂರ್ತಿ ನಿಂತು, ಮುಂದಿನ ಮಾತಿನ ಜೊತೆ ಫಕ್ಕನೆ ಬರುತ್ತದೆ. ಮೂಲ ಫೈಲಿನ ಶುರುವಿನಲ್ಲಿ ಎರಡು ಸೆಕೆಂಡು ಯಾರೂ ಮಾತಾಡದ ತುಂಡು ಸಿಕ್ಕಿತು. ಅದನ್ನೇ ಕಾಪಿ ಮಾಡಿ ಎಲ್ಲ ಕಡೆ ತುಂಬಿಸಿದೆ. ಗುಂಡಿ ಅರ್ಧ ತುಂಬಿದೆ ಅಷ್ಟೇ. ಬರೀ ಕೈ, ಮಗ್ಗ ತೋರಿಸುವ ಆರು ಸೆಕೆಂಡಿನ ಜಾಗದಲ್ಲಂತೂ ಎರಡೆರಡು ಸೆಕೆಂಡಿಗೊಮ್ಮೆ "ಟುಕ್" ಅನ್ನುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಒಂಟಿಮೈಕು

ಇದಕ್ಕೆ ಆಡಾಸಿಟಿಯಲ್ಲಿ `Truncate Silence` ಇದೆಯಲ್ಲ. ಖಾಲಿ ಜಾಗ ಎಲ್ಲಿದ್ದರೂ ಹುಡುಕಿ ಚಿಕ್ಕದು ಮಾಡುತ್ತದೆ. ನಾನು ಒಬ್ಬನೇ ಕೂತು ಮಾಡುವ ಪಾಡ್‌ಕಾಸ್ಟಿಗೆ ಯಾವಾಗಲೂ ಅದನ್ನೇ ಓಡಿಸುತ್ತೇನೆ. ಜಾಗವೇ ಇಲ್ಲದಿದ್ದರೆ ಗುಂಡಿಯೂ ಇಲ್ಲ.

ಕತ್ತರಿಕೈ

ಥ್ಯಾಂಕ್ಸ್, ಆದರೆ ನನಗೆ ಆ ಜಾಗ ಬೇಕು. ಅವರು ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ, ಆ ಸುಮ್ಮನಿರುವಿಕೆಗೂ ಅರ್ಥ ಇದೆ. ಅದು ಕೋಣೆಯೊಳಗಿನ ಮೌನದ ಹಾಗೆ ಕೇಳಬೇಕು, ಮೈಕು ಆಫ್ ಆದ ಹಾಗಲ್ಲ.

ಸದ್ದುಗದ್ದಲ

ಒಂದೊಂದೇ ಗುಂಡಿ ತುಂಬುತ್ತಾ ಕೂತರೆ ವಾರ ಹಿಡಿಯುತ್ತದೆ. ಯಾವುದಾದರೂ ಸೌಂಡ್ ಲೈಬ್ರರಿಯಿಂದ ಒಂದು ನಿಮಿಷದ ರೂಮ್ ಟೋನ್ ತಗೊಳ್ಳಿ. ಮೊದಲಿಂದ ಕೊನೆವರೆಗೂ ಕೆಳಗಿನ ಟ್ರ್ಯಾಕಿನಲ್ಲಿ ಹಾಸಿಬಿಡಿ. ನಿಮ್ಮ ಅತಿ ಗದ್ದಲದ ಕ್ಲಿಪ್‌ನ ಹಿನ್ನೆಲೆಗಿಂತ ಸ್ವಲ್ಪ ಜಾಸ್ತಿ ಇಡಿ. ಎಲ್ಲ ವ್ಯತ್ಯಾಸ ಅದರ ಕೆಳಗೆ ಮುಚ್ಚಿಹೋಗುತ್ತದೆ. ನಾನು ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ, ಯಾರೂ ದೂರಿಲ್ಲ.

ದನಿಪೆಟ್ಟಿಗೆ

ಕತ್ತರಿಕೈ ಅವರೇ, ಉತ್ತರ ಹೇಳುವ ಮುಂಚೆ ಮೂರು ವಿಷಯ ಗೊತ್ತಾಗಬೇಕು. ಮಾತಿನ ಕ್ಲಿಪ್‌ಗಳ ಗೇನ್ ಏರಿಸಿದ್ದೀರಾ? ಪದ ಮುಗಿದ ಮೇಲೆ ಎಷ್ಟು ಬಿಟ್ಟು ಕತ್ತರಿಸಿದ್ದೀರಿ? ಆ ಎರಡು ಸೆಕೆಂಡಿನ ತುಂಡನ್ನು ಹೆಡ್‌ಫೋನಿನಲ್ಲಿ ಜೋರಾಗಿ ಇಟ್ಟು, ಅದೊಂದನ್ನೇ ಕೇಳಿದ್ದೀರಾ?

ಕತ್ತರಿಕೈ

1. ಹೌದು, ಅವರ ದನಿ ಮೆತ್ತಗಿದೆ. ಎಲ್ಲ ಕ್ಲಿಪ್‌ಗೂ 6 ಡಿಬಿ ಏರಿಸಿದ್ದೇನೆ.
2. ಪದ ಮುಗಿದ ಕೂಡಲೇ ಕತ್ತರಿಸಿದ್ದೇನೆ. ಅಲೆ ಸಣ್ಣಗಾದ ಕಡೆ.
3. ಈಗ ಕೇಳಿದೆ. ಕೊನೆಯಲ್ಲಿ ಅವರು ತುಟಿ ಬಿಡಿಸುವ ಸಣ್ಣ ಸದ್ದಿದೆ! "ಟುಕ್" ಅಂದರೆ ಅದೇ.

ದನಿಪೆಟ್ಟಿಗೆ

ಹಾಗಾದರೆ ನಿಮ್ಮ ಕಷ್ಟದ ಮುಕ್ಕಾಲು ಪಾಲಿಗೆ ಕಾರಣ ಸಿಕ್ಕಿತು.

ಗುಂಡಿ ಅರ್ಧ ತುಂಬಿದ್ದಕ್ಕೆ ಕಾರಣ ಗೇನ್. ಮಾತು 6 ಡಿಬಿ ಏರಿದಾಗ ಅದರ ಹಿಂದಿನ ಫ್ಯಾನ್ ಸದ್ದೂ 6 ಡಿಬಿ ಏರಿದೆ. ನೀವು ತುಂಬಿದ ತುಂಡು ಮೂಲ ಫೈಲಿನಿಂದ ಬಂದದ್ದು, ಅದು ಏರಿಲ್ಲ. ಹೀಗಾಗಿ ಪ್ರತಿ ಜಾಗದಲ್ಲೂ ಹಿನ್ನೆಲೆ 6 ಡಿಬಿ ಕುಸಿಯುತ್ತಿದೆ. ಮಾತಿಗೆ ಏನೇನು ಮಾಡಿದ್ದೀರೋ ಟೋನಿಗೂ ಅದೇ ಆಗಬೇಕು: ಗೇನ್, ಈಕ್ಯೂ, ನಾಯ್ಸ್ ರಿಡಕ್ಷನ್, ಎಲ್ಲ. ಟೋನನ್ನು ಮಾತಿನ ಟ್ರ್ಯಾಕಿನಲ್ಲೇ ಇಡುವುದು ಸುಲಭ. ಟ್ರ್ಯಾಕಿನ ಮೇಲೆ ಕಂಪ್ರೆಸರ್ ಇದ್ದರೆ ಎರಡೂ ಅದರ ಮೂಲಕವೇ ಹೋಗುತ್ತವೆ.

ಎರಡನೆಯದು ಕತ್ತರಿಸುವ ಜಾಗ. ಪದ ಮುಗಿದ ಮೇಲೂ ಅದು ಗೋಡೆಗೆ ತಾಗಿ ಬರುವ ಬಾಲ ಇರುತ್ತದೆ. ಅಲೆಯ ಚಿತ್ರದಲ್ಲಿ ಅದು ಕಾಣುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಬಾಲ ಕತ್ತರಿಸಿಬಿಟ್ಟರೆ ಎಷ್ಟೇ ಒಳ್ಳೆ ಟೋನ್ ಹಾಕಿದರೂ ಮಾತು ಬಾಗಿಲು ಮುಚ್ಚಿದ ಹಾಗೆ ನಿಲ್ಲುತ್ತದೆ. ಪ್ರತಿ ಕ್ಲಿಪ್‌ನ ಕೊನೆಯನ್ನು 200ರಿಂದ 300 ಮಿಲಿಸೆಕೆಂಡ್ ಹೊರಗೆ ಎಳೆಯಿರಿ. ಮುಂದಿನ ಪದ ನುಗ್ಗುವಷ್ಟು ಹತ್ತಿರ ಇದ್ದರೆ ಅದರ ಮುಂಚೆ ನಿಲ್ಲಿಸಿ. ಟೋನ್ ಈ ಬಾಲದ ಮೇಲೆ ಕ್ರಾಸ್‌ಫೇಡ್ ಆಗಿ ಬರಲಿ. ಬಾಲ ಮುಗಿದ ಮೇಲೆ ಅಲ್ಲ.

ಇನ್ನು ಟೋನ್ ಎಲ್ಲಿಂದ ತರುವುದು? ನಿಮ್ಮ 40 ನಿಮಿಷದಲ್ಲೇ ಇದೆ. ನೀವು ಪ್ರಶ್ನೆ ಕೇಳಿ ಮುಗಿಸಿದ ಮೇಲೆ ಅವರು ಯೋಚಿಸುವ ಕ್ಷಣ ಇರುತ್ತದಲ್ಲ, ಅಲ್ಲಿ ಹುಡುಕಿ. ಮಾತು ಮುಗಿಸಿ ನಿಮ್ಮ ಮುಖ ನೋಡುವ ಹೊತ್ತು, ರೆಕಾರ್ಡಿಂಗ್ ಆನ್ ಆಗಿ ಇನ್ನೂ ಶುರುವಾಗದ ಹೊತ್ತು, ಇವನ್ನೂ ಬಿಡಬೇಡಿ. ಒಂದೊಂದು ಕಡೆ ಅರ್ಧ ಸೆಕೆಂಡು ಸಿಕ್ಕರೂ ಸಾಕು. ಪ್ರತಿ ತುಂಡನ್ನೂ ಜೋರಾಗಿ ಇಟ್ಟು ಕೇಳಿ. ಉಸಿರು, ಬಟ್ಟೆ ಸರಸರ, ತುಟಿ ಸದ್ದು ಇದ್ದರೆ ಬಿಸಾಡಿ. ಪದದ ಬಾಲ ಇದ್ದರೂ ಬಿಸಾಡಿ. ಮೊದಲ ದಿನದ ತುಂಡುಗಳು ಒಂದು ಕಡೆ, ಎರಡನೇ ದಿನದವು ಇನ್ನೊಂದು ಕಡೆ. ಬೆರೆಸಬೇಡಿ.

ಸದ್ದುಗದ್ದಲ ಅವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಇಷ್ಟು ಮಾಡಿ ನೋಡಿ.

ಮಳೆಕಿವಿ

ಲೂಪ್ ವಿಷಯ ಬಂದದ್ದಕ್ಕೆ ನನ್ನದೂ ಹೇಳುತ್ತೇನೆ. ನನ್ನದು ಹೊರಾಂಗಣ, ರಾತ್ರಿ ದೃಶ್ಯ. ಜೀರುಂಡೆ ಸದ್ದಿನ ಇಪ್ಪತ್ತು ಸೆಕೆಂಡಿನ ತುಂಡು ಲೂಪ್ ಮಾಡಿ ನಾಲ್ಕು ನಿಮಿಷಕ್ಕೆ ಹಾಸಿದ್ದೆ. ಅದರಲ್ಲಿ ಒಂದು ಹಕ್ಕಿ ಒಂದೇ ಸಲ ಕೂಗುತ್ತಿತ್ತು. ಮೂರನೇ ಸಲ ಕೂಗಿದಾಗ ನನ್ನ ತಂಗಿ "ಈ ಹಕ್ಕಿ ಮತ್ತೆ ಬಂತು" ಅಂದಳು. ಅಲ್ಲಿಂದಾಚೆ ಯಾರೂ ದೃಶ್ಯ ನೋಡಲಿಲ್ಲ, ಹಕ್ಕಿಗೆ ಕಾಯುತ್ತಾ ಕೂತರು.

ಆಮೇಲೆ ಹಾಸಿಗೆಯನ್ನು ಎರಡು ಪದರ ಮಾಡಿದೆ. ಗುರುತು ಹಿಡಿಯುವಂಥ ಸದ್ದು ಎರಡರಲ್ಲೂ ಇಲ್ಲ. ಒಂದು 47 ಸೆಕೆಂಡು, ಇನ್ನೊಂದು 61 ಸೆಕೆಂಡು. ಎರಡೂ ತಮ್ಮ ಪಾಡಿಗೆ ತಿರುಗುತ್ತವೆ. ಎರಡೂ ಒಟ್ಟಿಗೆ ಶುರುವಾದ ಜಾಗ ಮತ್ತೆ ಬರಬೇಕಾದರೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಕು. ಹಕ್ಕಿಯನ್ನು ಬೇರೆ ಟ್ರ್ಯಾಕಿನಲ್ಲಿ, ಬೇಕಾದ ಒಂದೇ ಕಡೆ ಇಟ್ಟೆ.

ತುಂಡು ಜೋಡಿಸಲು ನಾನು ಕಮಾಂಡ್ ಬಳಸುತ್ತೇನೆ, ಬೇಕಾದವರಿಗೆ:

```
ffmpeg -i a.wav -i b.wav -filter_complex "acrossfade=d=0.2:c1=qsin:c2=qsin" c.wav
```

`qsin` ಹಾಕದೆ ಬಿಟ್ಟರೆ ಅದು ನೇರ ಗೆರೆಯ ಫೇಡ್ ಮಾಡುತ್ತದೆ. ಅದರಲ್ಲಿ ಪ್ರತಿ ಬೆಸುಗೆಯಲ್ಲೂ ಸದ್ದು ಸ್ವಲ್ಪ ಕುಗ್ಗಿದ ಹಾಗೆ ಕೇಳುತ್ತಿತ್ತು. ಯಾಕೆ ಅಂತ ನನಗೆ ಸರಿಯಾಗಿ ಗೊತ್ತಿಲ್ಲ.

ದನಿಪೆಟ್ಟಿಗೆ

ಮಳೆಕಿವಿ, ನಿಮ್ಮ ಕಿವಿ ಸರಿಯಾಗಿ ಹಿಡಿದಿದೆ. ಎರಡು ಬೇರೆ ಬೇರೆ ಹೊತ್ತಿನ ಟೋನ್ ತುಂಡುಗಳ ಅಲೆ ಒಂದಕ್ಕೊಂದು ಹೊಂದುವುದಿಲ್ಲ. ನೇರ ಗೆರೆಯಲ್ಲಿ ನಡುಮಧ್ಯೆ ಎರಡೂ ಅರ್ಧಕ್ಕೆ ಇಳಿದಿರುತ್ತವೆ. ಅವು ಸೇರಿದರೆ ಪೂರ್ತಿ ಆಗುವುದಿಲ್ಲ, 3 ಡಿಬಿ ಕಡಿಮೆ ಬೀಳುತ್ತದೆ. ಅದಕ್ಕೇ ಬೇರೆ ಬೇರೆ ತುಂಡಿಗೆ ಪ್ರೀಮಿಯರ್‌ನಲ್ಲಾದರೆ `Constant Power`. ಒಂದೇ ಸದ್ದನ್ನು ಅದರದೇ ಮೇಲೆ, ಅದೇ ಜಾಗಕ್ಕೆ ಹೊಂದಿಸಿ ಬೆಸೆಯುವಾಗ ಮಾತ್ರ `Constant Gain`. ಅಲ್ಲಿ `Constant Power` ಹಾಕಿದರೆ ತಿರುವುಮುರುವಾಗಿ ನಡುವೆ ಉಬ್ಬು ಬರುತ್ತದೆ.

ಕತ್ತರಿಕೈ

ಎರಡು ರಾತ್ರಿ ಕೂತು ಮಾಡಿದೆ, ವರದಿ ಒಪ್ಪಿಸುತ್ತಿದ್ದೇನೆ.

ಬಾಲ ಎಳೆದದ್ದೇ ಅರ್ಧ ಸಮಸ್ಯೆ ಹೋಯಿತು. ನಿಜವಾಗಿ ನಂಬಲಾಗಲಿಲ್ಲ. ಟೋನಿಗೂ 6 ಡಿಬಿ ಕೊಟ್ಟೆ, ಸಣ್ಣ ಜಾಗಗಳೆಲ್ಲ ಮಾಯವಾದವು.

ಫ್ಯಾನ್ ಇಲ್ಲದ ದಿನದಿಂದ ಒಂಬತ್ತು ತುಂಡು ಸಿಕ್ಕವು, ಒಟ್ಟು ಏಳು ಸೆಕೆಂಡು. ಫ್ಯಾನ್ ಇರುವ ದಿನದಿಂದ ಹನ್ನೊಂದು ಸೆಕೆಂಡು. ಅದರಲ್ಲಿ ಒಂದೇ ತುಂಡು ನಾಲ್ಕು ಸೆಕೆಂಡಿನದು. ಎರಡು ತೊಂದರೆ ಉಳಿದಿವೆ. ಒಂದು, ಫ್ಯಾನ್ ಟೋನನ್ನು ಲೂಪ್ ಮಾಡಿದರೆ ಫ್ಯಾನ್ ತಿರುಗುತ್ತಾ ನಡುವೆ ಎಡವಿದ ಹಾಗೆ ಆಗುತ್ತದೆ. ಎರಡು, ಮೊದಲ ದಿನದ ಮಾತಿನಿಂದ ಎರಡನೇ ದಿನದ ಮಾತಿಗೆ ಹಾರುವ ಎಂಟು ಕಡೆ ಇವೆ. ಅಲ್ಲಿ ಫ್ಯಾನ್ ಆರಿಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ.

ದನಿಪೆಟ್ಟಿಗೆ

ಫ್ಯಾನಿನದು ಮೊದಲು. ಫ್ಯಾನ್ ಸದ್ದು ಸಮನಾಗಿ ಹರಿಯುವುದಿಲ್ಲ. ಏರಿಳಿಯುತ್ತಾ ಸುತ್ತು ಹಾಕುತ್ತದೆ. ಒಂದು ಏರಿಕೆಯಿಂದ ಮುಂದಿನ ಏರಿಕೆಗೆ ಎಷ್ಟು ಹೊತ್ತು ಅಂತ ಅಳೆಯಿರಿ. 1.6 ಸೆಕೆಂಡು ಅಂದುಕೊಳ್ಳೋಣ. ನಾಲ್ಕು ಸೆಕೆಂಡಿನ ತುಂಡನ್ನು ಹಾಗೇ ಲೂಪ್ ಮಾಡಿದರೆ ಎರಡೂವರೆ ಸುತ್ತಿಗೆ ಕತ್ತರಿ ಬಿತ್ತು. ಎಡವುವುದು ಅದಕ್ಕೇ. ಅದರಿಂದ ಎರಡು ಪೂರ್ತಿ ಸುತ್ತು, ಅಂದರೆ 3.2 ಸೆಕೆಂಡು ತೆಗೆದುಕೊಳ್ಳಿ. ಕ್ರಾಸ್‌ಫೇಡ್‌ಗೆ ಸ್ವಲ್ಪ ಹೆಚ್ಚುವರಿ ಬಾಲ ಇಟ್ಟುಕೊಂಡು, ಏರಿಕೆಯ ಮೇಲೆ ಏರಿಕೆ ಕೂರುವಂತೆ ಬೆಸೆಯಿರಿ. ಉಳಿದ ತುಂಡುಗಳನ್ನೂ ಹಾಗೇ ಸುತ್ತು ಹೊಂದಿಸಿ ನಡುನಡುವೆ ಸೇರಿಸಿ. ಒಂದೇ ತುಂಡು ಪಕ್ಕಪಕ್ಕ ಎರಡು ಸಲ ಬರದ ಹಾಗೆ ನೋಡಿಕೊಳ್ಳಿ.

ಫ್ಯಾನ್ ಇಲ್ಲದ ಟೋನಿಗೆ ಬೇರೆ ದಾರಿ ಇದೆ. ಏಳು ಸೆಕೆಂಡಿನಿಂದ ಅತಿ ಶುದ್ಧವಾದ ಒಂದು ಸೆಕೆಂಡು ಆರಿಸಿ. ಅದನ್ನು ಕನ್ವಲ್ಯೂಷನ್ ರಿವರ್ಬ್‌ಗೆ ಕೋಣೆಯ ಮಾದರಿಯಾಗಿ ಕೊಡಿ. ಅದರ ಮೂಲಕ ಬರೀ ವೈಟ್ ನಾಯ್ಸ್ ಹಾಯಿಸಿ, ಮೂಲ ಸದ್ದು ಸೇರದೆ ರಿವರ್ಬ್ ಮಾತ್ರ ಹೊರಬರುವಂತೆ ಇಡಿ. ನಿಮ್ಮ ಕೋಣೆಯ ಬಣ್ಣವೇ ಇರುವ, ಎಲ್ಲೂ ಮರುಕಳಿಸದ ಟೋನ್ ಎಷ್ಟು ನಿಮಿಷ ಬೇಕಾದರೂ ಸಿಗುತ್ತದೆ. ಮಟ್ಟ ಮಾತ್ರ ಹೊಸದಾಗಿ ಹೊಂದಿಸಬೇಕು. ಇದು ಫ್ಯಾನಿಗೆ ನಡೆಯುವುದಿಲ್ಲ. ಗುಂಯ್ ಅನ್ನುವ ಒಂದೇ ಸ್ವರ ಇದ್ದರೆ ಅದು ನಡುಗುತ್ತಾ ಬರುತ್ತದೆ, ಸುತ್ತಿನ ಲಯವೂ ಕಳೆದುಹೋಗುತ್ತದೆ.

ಈಗ ಎಂಟು ಹಾರುವ ಕಡೆಗಳು. ಮಾತಿಲ್ಲದ ಕಡೆ ಎರಡೂ ದಿನದ ಹಿನ್ನೆಲೆ ಎಷ್ಟಿದೆ? ಗೇನ್ ಏರಿಸಿದ ಮೇಲಿನ ಅಳತೆ ಹೇಳಿ. ಪೀಕ್ ಬೇಡ, ಆರ್‌ಎಂಎಸ್ ನೋಡಿ.

ಕತ್ತರಿಕೈ

ಫ್ಯಾನ್ ಇರುವುದು -52, ಇಲ್ಲದ್ದು -60.

ದನಿಪೆಟ್ಟಿಗೆ

8 ಡಿಬಿ ಅಂತರ. ಇದನ್ನು ಎರಡೂ ಕಡೆಯಿಂದ ಹತ್ತಿರ ತರೋಣ.

ಮೊದಲು ಪ್ರತಿ ದಿನದ ಭಾಗವನ್ನು ಅದರದೇ ಟೋನಿನಿಂದ ತುಂಬಿ. ಫ್ಯಾನ್ ಭಾಗಕ್ಕೆ ಫ್ಯಾನ್ ಟೋನ್, ಫ್ಯಾನಿಲ್ಲದ ಭಾಗಕ್ಕೆ ಅದರದು. ಇಲ್ಲಿಗೆ ಎರಡೂ ತಮ್ಮೊಳಗೆ ತೂತಿಲ್ಲದ ಬಟ್ಟೆ ಆದವು.

ಆಮೇಲೆ ಫ್ಯಾನ್ ಭಾಗಕ್ಕೆ, ಅದರ ಟೋನಿನ ಸಮೇತ, ನಾಯ್ಸ್ ರಿಡಕ್ಷನ್ 5 ಡಿಬಿ ಮಾತ್ರ ಕೊಡಿ. ಅದಕ್ಕಿಂತ ಜಾಸ್ತಿ ಹೋದರೆ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ. -52 ಈಗ -57 ಆಯಿತು. ಹೀಗೆ ಇಳಿಸಿದ ಫ್ಯಾನ್ ಟೋನಿನ ಒಂದು ಪ್ರತಿ ತೆಗೆದು, ಇನ್ನೂ 3 ಡಿಬಿ ಇಳಿಸಿ -60ಕ್ಕೆ ತನ್ನಿ. ಅದನ್ನು ಫ್ಯಾನಿಲ್ಲದ ಭಾಗಗಳ ಕೆಳಗೆ ಹಾಸಿ. ಅಲ್ಲಿ ಮೊದಲೇ -60 ಇದೆ. ಹೊಂದದ ಎರಡು ಸಮ ಸದ್ದು ಸೇರಿದರೆ 3 ಡಿಬಿ ಏರುತ್ತದೆ, ಅಂದರೆ -57. ಎರಡೂ ಭಾಗ ಒಂದೇ ಮಟ್ಟಕ್ಕೆ ಬಂದವು, ಎರಡರಲ್ಲೂ ಫ್ಯಾನ್ ಇದೆ.

ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ. ಅದನ್ನು ಎಲ್ಲಿ ಬದಲಾಯಿಸುತ್ತೀರಿ ಅನ್ನುವುದೇ ನನ್ನ ಮಟ್ಟಿಗೆ ಈ ಕೆಲಸದ ತಿರುಳು. ಎಲ್ಲರೂ ಮಾತು ನಿಂತ ಜಾಗದಲ್ಲಿ ಟೋನ್ ಬದಲಾಯಿಸುತ್ತಾರೆ. ಆದರೆ ಕಿವಿಗೆ ಬೇರೆ ಕೆಲಸ ಇಲ್ಲದ ಹೊತ್ತು ಅದೊಂದೇ. ಅಲ್ಲಿ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ. ಬದಲಾವಣೆಯನ್ನು ಮಾತಿನ ಅಡಿಗೆ ತಳ್ಳಿ. ಹಿಂದಿನ ಭಾಗದ ಟೋನ್ ಖಾಲಿ ಜಾಗವನ್ನು ಪೂರ್ತಿ ದಾಟಿ, ಮುಂದಿನ ವಾಕ್ಯದ ಮೊದಲ ಎರಡು ಮೂರು ಪದದ ಕೆಳಗೆ ಒಂದು ಸೆಕೆಂಡಿನಲ್ಲಿ ಕರಗಲಿ. ಸದ್ದು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಹೋಗುವಾಗ ಉಲ್ಟಾ: ಹಿಂದಿನ ವಾಕ್ಯದ ಕೊನೆಯ ಪದಗಳ ಅಡಿಯಲ್ಲೇ ಹೊಸ ಟೋನ್ ಏರಿಬಿಡಲಿ. ಖಾಲಿ ಜಾಗದೊಳಗೆ ಏನೂ ಬದಲಾಗಬಾರದು.

ಸದ್ದುಗದ್ದಲ

ಮೇಡಂ, ಕೊನೆಗೆ ನೀವೂ ಕೆಳಗೆ ಒಂದು ಹಾಸಿಗೆ ಹಾಸಿದಿರಿ ಅಲ್ವಾ? ನಾನು ಹೇಳಿದ್ದೂ ಅದೇ. ಅವರು ಎರಡು ರಾತ್ರಿ ನಿದ್ದೆ ಕೆಟ್ಟರು.

ದನಿಪೆಟ್ಟಿಗೆ

ಹಾಸಿಗೆ ಮುಚ್ಚುತ್ತದೆ ಅನ್ನುವುದು ನಿಜ, ಒಪ್ಪುತ್ತೇನೆ. ನನ್ನ ತಕರಾರು ಎರಡು. ಲೈಬ್ರರಿಯ ಟೋನ್ ಬೇರೆ ಕೋಣೆಯದು, ಬೇರೆ ಮೈಕಿನದು. ಮಾತಿನ ಹಿಂದೆ ಒಂದು ಕೋಣೆ, ಅದರ ಕೆಳಗೆ ಇನ್ನೊಂದು. ಮಾತು ನಿಂತಾಗ ಒಂದು ಕೋಣೆ ಮಾಯವಾಗಿ ಇನ್ನೊಂದು ಉಳಿಯುತ್ತದೆ. ಎರಡನೆಯದು, ಅದನ್ನು -52ಕ್ಕಿಂತ ಮೇಲೆ ಇಟ್ಟರೆ 12 ನಿಮಿಷವೂ ಜನ ಅತಿ ಕೆಟ್ಟ ಕ್ಲಿಪ್‌ನ ಗದ್ದಲ ಕೇಳಬೇಕು. ಶುದ್ಧವಾಗಿ ಬಂದ ಎರಡನೇ ದಿನದ ದನಿಯೂ ಹಾಳು.

ಸದ್ದುಗದ್ದಲ

ಲೈಬ್ರರಿ ವಿಷಯ ಒಪ್ಪಿದೆ, ಅವರ ಕೋಣೆಯದೇ ಸಿಕ್ಕರೆ ಅದೇ ಮೇಲು. ಆದರೆ ನಾಯ್ಸ್ ರಿಡಕ್ಷನ್ 5 ಡಿಬಿಯೂ ನನಗೆ ಬೇಡ. ಮೆತ್ತಗಿನ ದನಿಯಲ್ಲಿ ಪದದ ಕೊನೆಯ ಅಕ್ಷರವನ್ನು ಅದು ತಿನ್ನುತ್ತದೆ. ವಯಸ್ಸಾದವರ ದನಿಯಲ್ಲಂತೂ ಉಸಿರೇ ಅರ್ಧ ಮಾತು. ನಾನಾಗಿದ್ದರೆ -52ರಲ್ಲೇ ಬಿಟ್ಟು, ಎರಡನೇ ದಿನದ ಕೆಳಗೆ ಫ್ಯಾನ್ ಟೋನ್ ಪೂರ್ತಿ ಹಾಸುತ್ತಿದ್ದೆ.

ದನಿಪೆಟ್ಟಿಗೆ

ಉಸಿರಿನ ಮಾತು ತಳ್ಳಿಹಾಕುವಂಥದ್ದಲ್ಲ. ಕತ್ತರಿಕೈ, ಎರಡೂ ರೀತಿ ಒಂದು ನಿಮಿಷ ಮಾಡಿ ಕೇಳಿ. ದನಿ ಯಾವುದರಲ್ಲಿ ಅವರದೇ ಆಗಿ ಉಳಿಯುತ್ತದೋ ಅದನ್ನು ಇಟ್ಟುಕೊಳ್ಳಿ.

ಒಂಟಿಮೈಕು

ಇದನ್ನೆಲ್ಲ ಓದಿದ ಮೇಲೆ ನನ್ನದೇ ಪಾಡ್‌ಕಾಸ್ಟ್ ಹಾಕಿ ಕೇಳಿದೆ. ನನ್ನಲ್ಲೂ ಗುಂಡಿಗಳಿವೆ! ನಾನು ಎಲ್ಲೂ ಕತ್ತರಿಸಿರಲಿಲ್ಲ. ನಾಯ್ಸ್ ಗೇಟ್ ಇದೆ ಅಷ್ಟೇ. ಮಾತು ನಿಂತ ಕೂಡಲೇ ಅದು ಎಲ್ಲವನ್ನೂ ಮುಚ್ಚುತ್ತಿದೆ. ನಾನೂ ಟೋನ್ ತುಂಬಬೇಕಾ?

ಮಳೆಕಿವಿ

ಬೇಡ ಅನ್ನಿಸುತ್ತದೆ. ಗೇಟ್ ಪೂರ್ತಿ ಮುಚ್ಚದ ಹಾಗೆ ಇಡಲು ಬರುತ್ತದೆ. ಎಷ್ಟು ಇಳಿಸಬೇಕು ಅನ್ನುವ ಸಂಖ್ಯೆ ಇರುತ್ತದಲ್ಲ, ಅದನ್ನು 8 ಅಥವಾ 10 ಡಿಬಿಗೆ ಇಡಿ. ಮುಚ್ಚುವ ವೇಗವನ್ನೂ ನಿಧಾನ ಮಾಡಿ. ಕೋಣೆ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ.

ಒಂಟಿಮೈಕು

10 ಇಟ್ಟೆ. ಕೇಳಲು ಎಷ್ಟೋ ಹಾಯಾಗಿದೆ. ಇಷ್ಟು ದಿನ ಹಳೇ ಕಂತುಗಳನ್ನು ಹೀಗೇ ಹಾಕಿದ್ದೇನೆ ಅಂತ ಬೇಜಾರಾಗುತ್ತಿದೆ.

ಕತ್ತರಿಕೈ

ಎರಡೂ ಮಾಡಿ ನೋಡಿದೆ. ಐದರ ಬದಲು 3 ಡಿಬಿ ಇಳಿಸಿದೆ. ಐದರಲ್ಲಿ ಅವರು "ನೂಲು" ಅನ್ನುವಾಗ ಕೊನೆಯ "ಲು" ತೆಳ್ಳಗಾಗುತ್ತಿತ್ತು, ಸದ್ದುಗದ್ದಲ ಅವರು ಹೇಳಿದ ಹಾಗೇ. ಈಗ ಫ್ಯಾನ್ ಭಾಗ -55. ಫ್ಯಾನಿಲ್ಲದ ಭಾಗದ ಕೆಳಗೆ -57ರಲ್ಲಿ ಫ್ಯಾನ್ ಹಾಸಿದರೆ ಒಟ್ಟು -55ಕ್ಕೆ ಬರುತ್ತದೆ, ಮೀಟರ್ ನೋಡಿ ಹೊಂದಿಸಿದೆ.

ಬದಲಾವಣೆಗಳನ್ನೆಲ್ಲ ಮಾತಿನ ಅಡಿಗೆ ತಳ್ಳಿದೆ. ಎಂಟರಲ್ಲಿ ಏಳು ಕಡೆ ಎಲ್ಲಿ ಕತ್ತರಿ ಬಿದ್ದಿದೆ ಅಂತ ನನಗೇ ಹುಡುಕಬೇಕಾಯಿತು. ಮಗ್ಗದ ಆರು ಸೆಕೆಂಡಿನಲ್ಲಿ ಈಗ ಫ್ಯಾನ್ ಸುಮ್ನೆ ತಿರುಗುತ್ತದೆ. ಅವರು ಯೋಚಿಸುತ್ತಾ ಕೂತಿದ್ದಾರೆ ಅನ್ನಿಸುತ್ತದೆ.

ಉಳಿದದ್ದು ಒಂದೇ. ಅವರು ತಂದೆಯ ಬಗ್ಗೆ ಹೇಳುವ ವಾಕ್ಯದ ಕೊನೆಯಲ್ಲಿ ಹೊರಗೆ ಒಂದು ಗಾಡಿ ಹತ್ತಿರ ಬರುತ್ತಿದೆ. ಸದ್ದು ಏರುತ್ತಿರುವಾಗಲೇ ನನ್ನ ಕಟ್ ಇದೆ. ಗಾಡಿ ದಾರಿ ಮಧ್ಯೆ ಮಾಯ! ಟೋನ್ ಎಷ್ಟು ಹಾಕಿದರೂ ಮುಚ್ಚುವುದಿಲ್ಲ.

ದನಿಪೆಟ್ಟಿಗೆ

ಮೂಲ ಫೈಲಿನಲ್ಲಿ ಕಟ್ ಆದ ಮೇಲೆ ಗಾಡಿ ಹಾದುಹೋಗುವ ಸದ್ದು ಇದೆಯಾ? ಅದನ್ನೇ ಮುಂದುವರಿಸಿ ಮುಂದಿನ ಮಾತಿನ ಅಡಿಯಲ್ಲಿ ದೂರ ಹೋಗಲು ಬಿಡಿ.

ಕತ್ತರಿಕೈ

ಇದೆ, ಆದರೆ ಅದರ ಮೇಲೆ ನಾನೇ ಮುಂದಿನ ಪ್ರಶ್ನೆ ಕೇಳಿಬಿಟ್ಟಿದ್ದೇನೆ. ಶುದ್ಧವಾಗಿ ಸಿಗುವುದು ಅರ್ಧ ಸೆಕೆಂಡು ಮಾತ್ರ.

ಮಳೆಕಿವಿ

ಬೇರೆ ಗಾಡಿ ಹಾದುಹೋಗುವುದನ್ನು, ಆಗುವುದಾದರೆ ಅದೇ ಕೋಣೆಯೊಳಗಿಂದ ರೆಕಾರ್ಡ್ ಮಾಡಿ. ನಿಮ್ಮ ಗಾಡಿ ಅತಿ ಜೋರಾಗುವ ಕಡೆ ಅದಕ್ಕೆ ಬೆಸೆದರೆ ಆಗಬಹುದು. ಎಂಜಿನ್ನಿನ ಸ್ವರ ಹತ್ತಿರ ಇರಬೇಕು, ಇಲ್ಲದಿದ್ದರೆ ಎರಡು ಗಾಡಿ ಅಂತ ಗೊತ್ತಾಗುತ್ತದೆ. ನಾನು ಒಂದು ಸಲ ಮಾಡಿದ್ದೆ, ಮೂರನೇ ಗಾಡಿ ಹೊಂದಿತು.

ಸದ್ದುಗದ್ದಲ

ಅಥವಾ ಆ ವಾಕ್ಯವನ್ನು ಅವರು ಇನ್ನೊಂದು ಕಡೆ ಬೇರೆ ರೀತಿ ಹೇಳಿದ್ದಾರಾ ಅಂತ 40 ನಿಮಿಷವನ್ನೂ ಒಮ್ಮೆ ಕೇಳಿ.

ಕತ್ತರಿಕೈ

ಹೇಳಿದ್ದಾರೆ, ಎರಡನೇ ದಿನ. ಆದರೆ ಗಾಡಿ ಇರುವ ಸಲ ಹೇಳುವಾಗ ದನಿ ಸ್ವಲ್ಪ ಒಡೆಯುತ್ತದೆ. ಅದನ್ನು ಬಿಡಲು ಮನಸ್ಸಿಲ್ಲ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಅದೇ ಕುರ್ಚಿ, ಅದೇ ಮೈಕು, ಕಿಟಕಿ ತೆರೆದಿಟ್ಟು ಗಾಡಿಗೆ ಕಾಯುತ್ತೇನೆ. ಹೋದವನು ಫ್ಯಾನ್ ಹಾಕಿ ಒಂದು ನಿಮಿಷ, ಆರಿಸಿ ಒಂದು ನಿಮಿಷ ಟೋನನ್ನೂ ಹಿಡಿದುಕೊಂಡು ಬರುತ್ತೇನೆ.

ದನಿಪೆಟ್ಟಿಗೆ

ಅವರನ್ನೂ ಮೈಕು ಹಾಕಿಸಿ ಕುರ್ಚಿಯಲ್ಲಿ ಕೂರಿಸಿಕೊಳ್ಳಿ. ಮೈಕಿನ ಗೇನ್ ಆ ದಿನ ಎಷ್ಟಿತ್ತೋ ಅಷ್ಟೇ ಇಡಿ.